ನೆನೆಸಿದರೆ ಎಷ್ಟು ದಕ್ಕುತ್ತದೆ?

ಕಾಳನ್ನು ನೆನೆಸಿ ಮೊಳಕೆ ಕಟ್ಟಿದರೆ ಅದರಲ್ಲಿನ ಕಬ್ಬಿಣ ಮೈಗೆ ಹತ್ತುತ್ತದೆ ಎಂಬ ಸಲಹೆ ಇಂದು ಬಾಣಂತಿಯರ ಆಹಾರ ಚೀಟಿಯಲ್ಲೂ ಇದೆ, ವಾಟ್ಸ್‌ಆ್ಯಪ್ ಸಂದೇಶಗಳಲ್ಲೂ ಇದೆ. ಫೈಟೇಟ್ ಎಂಬ ವಸ್ತು ಖನಿಜಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ನೆನೆಸಿದಾಗ ಅದು ಕಡಿಮೆಯಾಗುತ್ತದೆ ಎನ್ನುವುದು ಅದಕ್ಕೆ ಕೊಡುವ ಕಾರಣ. ಈ ಕಾರಣ ಸರಿಯೇ. ಆದರೆ ಫೈಟೇಟ್ ಎಷ್ಟು ಇಳಿದರೆ ಖನಿಜ ಎಷ್ಟು ದಕ್ಕುತ್ತದೆ ಎಂಬ ಲೆಕ್ಕ ಈ ಸಲಹೆಯಲ್ಲಿ ಇರುವುದಿಲ್ಲ. ಆ ಲೆಕ್ಕ ಹಾಕಲು ವಿಜ್ಞಾನಿಗಳಿಗೆ ಸುಮಾರು ನೂರು ವರ್ಷ ಹಿಡಿಯಿತು. ಅದರ ಉತ್ತರ ಸತುವಿಗೆ ಒಂದು ಬಗೆ, ಕಬ್ಬಿಣಕ್ಕೆ ಇನ್ನೊಂದು ಬಗೆ.

ಬೀಜದೊಳಗಿನ ರಂಜಕ

ಬೀಜ ತನ್ನ ಮುಂದಿನ ಬೆಳವಣಿಗೆಗೆ ಬೇಕಾದ ರಂಜಕದ ಬಹುಪಾಲನ್ನು ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಈ ಆಮ್ಲದ ಒಂದು ಅಣುವಿನಲ್ಲಿ ಒಂದು ಉಂಗುರ, ಅದರ ಸುತ್ತ ಆರು ಫಾಸ್ಫೇಟ್ ಗುಂಪುಗಳು. ಈ ಗುಂಪುಗಳ ಋಣ ವಿದ್ಯುದಂಶಕ್ಕೆ ಕಬ್ಬಿಣ, ಸತು, ಸುಣ್ಣದಂಶಗಳು ಅಂಟಿಕೊಳ್ಳುತ್ತವೆ. ಹೀಗೆ ಅಂಟಿಕೊಂಡಾಗ ಆಗುವ ಸಂಯುಕ್ತವೇ ಫೈಟೇಟ್. ಕರುಳಿನಲ್ಲಿ ಅದು ಕರಗದೆ ಉಳಿದರೆ ಖನಿಜವೂ ಅದರೊಂದಿಗೇ ಹೊರಗೆ ಹೋಗುತ್ತದೆ.

ಧಾನ್ಯಗಳಲ್ಲಿ ಫೈಟೇಟ್ ಹೆಚ್ಚಾಗಿ ತೌಡಿನ ಪದರದಲ್ಲಿರುತ್ತದೆ. ಆದ್ದರಿಂದ ಅಕ್ಕಿಯನ್ನು ಪಾಲಿಷ್ ಮಾಡಿದರೆ ಫೈಟೇಟ್ ಹೋಗುತ್ತದೆ, ಜೊತೆಗೆ ಖನಿಜವೂ ಹೋಗುತ್ತದೆ. ಬೇಳೆಕಾಳುಗಳಲ್ಲಿ ಅದು ಇರುವುದು ಬೇಳೆಯೊಳಗೆ. ಹೆಸರುಕಾಳಿನ ಸಿಪ್ಪೆ ತೆಗೆದರೆ ಒಗರಿನ ಟ್ಯಾನಿನ್ ಕಡಿಮೆಯಾಗುತ್ತದೆಯೇ ಹೊರತು ಫೈಟೇಟ್ ಕಡಿಮೆಯಾಗುವುದಿಲ್ಲ.

ಫೈಟೇಟನ್ನು ಕಡಿಯುವ ಕಿಣ್ವವೂ ಬೀಜದಲ್ಲೇ ಇದೆ. 1907ರಲ್ಲಿ ಜಪಾನಿನ ಉಮೆತಾರೊ ಸುಜುಕಿ ಮತ್ತು ಸಂಗಡಿಗರು ಅಕ್ಕಿ ತೌಡಿನಲ್ಲಿ ಅದನ್ನು ಕಂಡರು. ಅದರ ಹೆಸರು ಫೈಟೇಸ್. ಮೊಳೆಯುವ ಹೊತ್ತಿಗೆ ಬೀಜ ಈ ಕಿಣ್ವದಿಂದ ಫಾಸ್ಫೇಟ್‌ಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ನೆನೆಸುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು ಈ ಮೂರರಲ್ಲೂ ನಾವು ಮಾಡುವುದು ಆ ಕಿಣ್ವಕ್ಕೆ ನೀರು, ಹದವಾದ ಬಿಸಿ ಮತ್ತು ಸಮಯ ಒದಗಿಸುವ ಕೆಲಸ. ಒಲೆಗಿಟ್ಟ ಮೇಲೆ ಕಿಣ್ವ ಸಾಯುತ್ತದೆ. ಕುದಿಸಿದ ಮಾತ್ರಕ್ಕೆ ಫೈಟೇಟ್ ಅಷ್ಟಾಗಿ ಒಡೆಯುವುದಿಲ್ಲವಾದ್ದರಿಂದ ಆಗಬೇಕಾದ ಕೆಲಸವೆಲ್ಲ ಒಲೆಗಿಡುವ ಮೊದಲೇ ಆಗಬೇಕು.

ನಾಯಿಮರಿಗಳಿಂದ ಶಿರಾಜಿನವರೆಗೆ

ಫೈಟೇಟಿನಿಂದ ಆಗುವ ತೊಂದರೆ ಮೊದಲು ಕಂಡದ್ದು ಸುಣ್ಣದಂಶದ ವಿಷಯದಲ್ಲಿ. ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ 1920ರ ದಶಕದಲ್ಲಿ ನಾಯಿಮರಿಗಳಿಗೆ ಬೇರೆ ಬೇರೆ ಧಾನ್ಯ ತಿನ್ನಿಸಿ ರಿಕೆಟ್ಸ್ ಬಗ್ಗೆ ಅಭ್ಯಾಸ ಮಾಡುತ್ತಿದ್ದರು. ಬಿಳಿ ಹಿಟ್ಟಿಗಿಂತ ಓಟ್ಸ್‌ನಲ್ಲಿ ಸುಣ್ಣದಂಶ ಹೆಚ್ಚು. ಆದರೂ ಮೂಳೆ ಹೆಚ್ಚು ಬಾಗಿದ್ದು ಓಟ್ಸ್ ತಿಂದ ಮರಿಗಳಲ್ಲೇ. ಇದಕ್ಕೆ ಕಾರಣ ಫೈಟಿಕ್ ಆಮ್ಲ ಎಂಬುದನ್ನು ಅವರು 1939ರಲ್ಲಿ ಹ್ಯಾರಿಸನ್ ಜೊತೆ ಸೇರಿ ತೋರಿಸಿದರು.

ಎರಡನೇ ಮಹಾಯುದ್ಧದ ನಡುವೆ ಬ್ರಿಟನ್ ಕಂದು ಬ್ರೆಡ್ಡಿಗೆ ಹೊರಳಿದಾಗ ಇದು ಮನುಷ್ಯರ ಪ್ರಶ್ನೆಯಾಯಿತು. ಕೇಂಬ್ರಿಜ್‌ನಲ್ಲಿ ಮೆಕ್‌ಕಾನ್ಸ್ ಮತ್ತು ವಿಡೋಸನ್ ಆರೋಗ್ಯವಂತರಿಗೆ ವಾರಗಟ್ಟಲೆ ಬಿಳಿ ಬ್ರೆಡ್ ಕೊಟ್ಟರು, ಆಮೇಲೆ ಕಂದು ಬ್ರೆಡ್ ಕೊಟ್ಟರು. ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಅಳೆದರು. ಕಂದು ಬ್ರೆಡ್ ತಿನ್ನುವಾಗ ಸುಣ್ಣದಂಶ ಕಡಿಮೆ ಹೀರಿಕೆಯಾಗುತ್ತಿತ್ತು. ಫೈಟೇಟ್ ತೆಗೆದ ಹಿಟ್ಟಿನ ಬ್ರೆಡ್ ಕೊಟ್ಟಾಗ ಹೀರಿಕೆ ಸುಧಾರಿಸಿತು. 1942ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಸರ್ಕಾರ ಹುಡುಕಿಕೊಂಡ ಪರಿಹಾರ ಹಿಟ್ಟಿಗೆ ಸೀಮೆಸುಣ್ಣದ ಪುಡಿ ಬೆರೆಸುವುದು.

ಮುಂದಿನ ಸರದಿ ಸತುವಿನದು. ಬಿಹಾರದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ ಇರಾನಿನ ಶಿರಾಜಿನಲ್ಲಿ ಕೆಲಸ ಮಾಡುವಾಗ, ವಯಸ್ಸಿಗೆ ಬಂದರೂ ಹುಡುಗರಂತೆಯೇ ಉಳಿದ ಕುಳ್ಳ ಯುವಕರನ್ನು ಕಂಡು 1961ರಲ್ಲಿ ವರದಿ ಮಾಡಿದರು. ಅವರ ಊಟ ಹೆಚ್ಚುಕಡಿಮೆ ಬರಿಯ ರೊಟ್ಟಿ. ಇದು ಸತುವಿನ ಕೊರತೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಅದೇ ಊರಿನಲ್ಲಿ ಜಾನ್ ರೈನ್‌ಹೋಲ್ಡ್ 1971ರಲ್ಲಿ ಹಳ್ಳಿಯ ರೊಟ್ಟಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಫೈಟೇಟ್ ಹೇರಳವಾಗಿತ್ತು. ಗೋಧಿಯಲ್ಲಿ ಫೈಟೇಸ್ ಧಾರಾಳವಾಗಿದೆ. ಆದರೆ ಹುದುಗು ಬರಿಸದೆ ಕಲಸಿದೊಡನೆ ಸುಟ್ಟ ರೊಟ್ಟಿಯಲ್ಲಿ ಅದಕ್ಕೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. ನಮ್ಮ ಚಪಾತಿಯ ಕಥೆಯೂ ಇದೇ.

ಅರ್ಧ ಇಳಿದರೆ ಸಾಕೇ?

ಅಲ್ಲಿಯವರೆಗೆ ಹೆಚ್ಚಿನ ಪ್ರಯೋಗಶಾಲೆಗಳು ಎಷ್ಟು ಗಂಟೆ ನೆನೆಸಿದರೆ ಫೈಟೇಟ್ ಶೇಕಡಾ ಎಷ್ಟು ಇಳಿಯುತ್ತದೆ ಎಂದು ಅಳೆಯುತ್ತಿದ್ದವು. ಆ ಶೇಕಡಾವಾರಿನ ಬೆಲೆ ಎಷ್ಟು ಎಂಬುದನ್ನು ತೋರಿಸಿದವರು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಲೀಫ್ ಹಾಲ್‌ಬರ್ಗ್ ಮತ್ತು ಸಂಗಡಿಗರು. 1989ರ ಅವರ ಪ್ರಯೋಗದಲ್ಲಿ ಸ್ವಯಂಸೇವಕರು ವಿಕಿರಣಶೀಲ ಕಬ್ಬಿಣ ಬೆರೆಸಿದ ಬನ್ನು ತಿಂದರು. ಬನ್ನಿಗೆ ಬೇರೆ ಬೇರೆ ಪ್ರಮಾಣದಲ್ಲಿ ಫೈಟೇಟ್ ಸೇರಿಸಲಾಗಿತ್ತು. ಫೈಟೇಟಿನಲ್ಲಿರುವ ರಂಜಕದ ಲೆಕ್ಕದಲ್ಲಿ ಬರಿಯ 2 ಮಿಲಿಗ್ರಾಂ ಇದ್ದಾಗಲೇ ಕಬ್ಬಿಣದ ಹೀರಿಕೆ ಶೇ. 18 ಕುಸಿಯಿತು. 25 ಮಿಲಿಗ್ರಾಂ ಆದಾಗ ಶೇ. 64 ಕುಸಿಯಿತು. ಅದರ ಹತ್ತು ಪಟ್ಟು, ಅಂದರೆ 250 ಮಿಲಿಗ್ರಾಂ ಹಾಕಿದಾಗ ಕುಸಿತ ಶೇ. 82ಕ್ಕೆ ಹೋಯಿತು, ಅಷ್ಟೇ.

ಇದನ್ನು ಹಿಂದುಮುಂದಾಗಿ ಓದಬೇಕು. 250ರಿಂದ 25ಕ್ಕೆ ಇಳಿಸಿದರೂ, ಅಂದರೆ ಹತ್ತರಲ್ಲಿ ಒಂಬತ್ತು ಪಾಲು ತೆಗೆದರೂ, ಹೀರಿಕೆ ಫೈಟೇಟ್ ಇಲ್ಲದಾಗಿನ ಮಟ್ಟದ ಶೇ. 18ರಿಂದ 36ಕ್ಕೆ ಏರುತ್ತದೆ, ದುಪ್ಪಟ್ಟಾಗುತ್ತದೆ. ಅರ್ಧ ಮಾತ್ರ ಇಳಿಸಿದರೆ ಲಾಭ ಅಲ್ಪ. ದೊಡ್ಡ ಲಾಭವಿರುವುದು ಕೊನೆಯ ಚೂರನ್ನೂ ತೆಗೆಯುವುದರಲ್ಲಿ. ಅದೇ ಪ್ರಯೋಗದಲ್ಲಿ ಸಿ ಜೀವಸತ್ವ ಸೇರಿಸಿದಾಗ ಫೈಟೇಟಿನ ಈ ಅಡ್ಡಿ ಬಹುಮಟ್ಟಿಗೆ ಕಳೆಯಿತು.

ಇಂದು ಪೌಷ್ಟಿಕ ತಜ್ಞರು ಬಳಸುವ ಅಳತೆ ಫೈಟೇಟ್ ಅಣುಗಳಿಗೂ ಖನಿಜದ ಪರಮಾಣುಗಳಿಗೂ ಇರುವ ಪ್ರಮಾಣ. ಸತುವಿಗೆ ಇದು 15ಕ್ಕಿಂತ ಕೆಳಗಿರಬೇಕು. ಕಬ್ಬಿಣಕ್ಕೆ 1ಕ್ಕಿಂತ ಕೆಳಗಿದ್ದರೆ ಮಾತ್ರ ಗಣನೀಯ ಲಾಭ. ಲೆಕ್ಕಕ್ಕೆ ಅನುಕೂಲವಾಗಲೆಂದು 100 ಗ್ರಾಂನಲ್ಲಿ 700 ಮಿಲಿಗ್ರಾಂ ಫೈಟಿಕ್ ಆಮ್ಲ, 5 ಮಿಲಿಗ್ರಾಂ ಕಬ್ಬಿಣ, 2.5 ಮಿಲಿಗ್ರಾಂ ಸತು ಇರುವ ಕಾಳೊಂದನ್ನು ಊಹಿಸಿಕೊಳ್ಳೋಣ. ಫೈಟಿಕ್ ಆಮ್ಲದ ಅಣುತೂಕ 660, ಕಬ್ಬಿಣದ್ದು 56, ಸತುವಿನದು 65. ತೂಕವನ್ನು ಅಣುತೂಕದಿಂದ ಭಾಗಿಸಿ ಹೋಲಿಸಿದರೆ ಸತುವಿನ ಪ್ರಮಾಣ ಸುಮಾರು 28 ಬರುತ್ತದೆ, ಕಬ್ಬಿಣದ್ದು ಸುಮಾರು 12. ಈಗ ನೆನೆಸಿ, ಮೊಳಕೆ ಕಟ್ಟಿ ಫೈಟೇಟನ್ನು ಅರ್ಧಕ್ಕೆ ಇಳಿಸಿದೆವು ಎನ್ನಿ. ಸತುವಿನ ಪ್ರಮಾಣ 14ಕ್ಕೆ ಬಂದು ಗೆರೆ ದಾಟಿತು. ಕಬ್ಬಿಣದ್ದು 6ರಲ್ಲೇ ನಿಂತಿತು. ಒಂದೇ ಕಾಳು, ಒಂದೇ ಕೆಲಸ. ಕಾಗದದ ಮೇಲಿನ ಈ ಲೆಕ್ಕದಂತೆ ಒಂದು ಖನಿಜಕ್ಕೆ ಅಷ್ಟೇ ಸಾಕಾಯಿತು, ಇನ್ನೊಂದಕ್ಕೆ ಸಾಲದಾಯಿತು.

ಮೈಸೂರಿನ ರಾಗಿ, ಎಲ್ಲರ ಇಡ್ಲಿ

ಇತ್ತ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದ ಮೊದಲಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಮಕ್ಕಳ ಆಹಾರವೊಂದನ್ನು ರೂಪಿಸಿದರು. ಅವರಿಗಿದ್ದ ಚಿಂತೆ ಸರಿಯ ಗಟ್ಟಿತನದ್ದು, ಫೈಟೇಟಿನದಲ್ಲ. ಸಾದಾ ರಾಗಿ ಹಿಟ್ಟನ್ನು ಕಾಯಿಸಿದರೆ ಗಟ್ಟಿಯಾಗುತ್ತದೆ. ತೆಳ್ಳಗೆ ಮಾಡಲು ನೀರು ಹೊಯ್ದರೆ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಕಡಿದು ಸರಿಯನ್ನು ತೆಳುಮಾಡುತ್ತದೆ. ಹೀಗಾಗಿ ಅಷ್ಟೇ ಸರಿಯಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಸುಮಾರು ಎರಡು ದಿನ ಮೊಳೆಸಿ, ಒಣಗಿಸಿ, ಬೇರನ್ನು ಉಜ್ಜಿ ತೆಗೆದು, ಹದವಾಗಿ ಬಿಸಿ ಮಾಡಿ ಬೀಸುವುದು ಕ್ರಮ. ಫೈಟೇಟ್ ಇಳಿಯುವುದು ಇದರ ಜೊತೆಗೆ ಬಂದ ಲಾಭ. ಆದರೆ ರಾಗಿಯನ್ನು ಮೊದಲೇ ಕೆಂಪಗೆ ಹುರಿದರೆ ಅದು ಮೊಳೆಯುವುದೇ ಇಲ್ಲ. ಮೊಳೆತದ್ದನ್ನು ಹೊತ್ತಿಸಿದರೆ ಅಮೈಲೇಸ್ ಹೋಗಿ ಸರಿ ಮತ್ತೆ ಗಟ್ಟಿಯಾಗುತ್ತದೆ. ಮೊಳಕೆ ರಾಗಿ ಹಿಟ್ಟು ಎಂದು ಕೊಂಡದ್ದು ಸಾದಾ ಹಿಟ್ಟಿನಂತೆಯೇ ಗಂಟಾಗುತ್ತಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದೇ ತಿಳಿಯಬೇಕು.

ಫೈಟೇಟ್ ಒಂದೇ ಎದುರಾಳಿಯಲ್ಲ ಎಂಬುದೂ ರಾಗಿಯಿಂದಲೇ ತಿಳಿಯಿತು. 1980ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು ಬಿಳಿ ರಾಗಿ ಮತ್ತು ಕೆಂಪು ರಾಗಿಯನ್ನು ಹೋಲಿಸಿ, ಕೆಂಪು ರಾಗಿಯ ಸಿಪ್ಪೆಯಲ್ಲಿನ ಟ್ಯಾನಿನ್ ಕೂಡ ಕಬ್ಬಿಣವನ್ನು ಕಟ್ಟಿಹಾಕುತ್ತದೆ ಎಂದು ತೋರಿಸಿದರು. ಟ್ಯಾನಿನ್ ಹೆಚ್ಚಿರುವ ಧಾನ್ಯದಲ್ಲಿ ಫೈಟೇಸ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ.

ಹೇಮಲತಾ, ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ ಇದೇ ಸಿಎಫ್‌ಟಿಆರ್‌ಐಯಿಂದ 2007ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಅಡುಗೆಮನೆಗೆ ಇನ್ನೂ ಹತ್ತಿರದ್ದು. ಜೀರ್ಣಕ್ರಿಯೆಯನ್ನು ಗಾಜಿನ ಪಾತ್ರೆಯಲ್ಲಿ ಅನುಕರಿಸಿ, ಎಷ್ಟು ಖನಿಜ ಬಿಡುಗಡೆಯಾಗುತ್ತದೆ ಎಂದು ಅವರು ಅಳೆದರು. ಹೆಸರುಕಾಳು, ಕಡಲೆಕಾಳು ಮತ್ತು ರಾಗಿಯನ್ನು ಮೊಳೆಸಿದಾಗ ಕಬ್ಬಿಣ ಹೆಚ್ಚು ಬಿಡುಗಡೆಯಾಯಿತು. ಆದರೆ ಹೆಸರುಕಾಳು ಮತ್ತು ರಾಗಿಯಲ್ಲಿ ಸತುವಿನ ಬಿಡುಗಡೆ ಕಡಿಮೆಯಾಯಿತು. ಮೇಲಿನ ಲೆಕ್ಕ ಹೇಳಿದ್ದಕ್ಕೆ ಇದು ತಿರುಗುಮುರುಗು. ಪ್ರಮಾಣದ ಗೆರೆ ದಾಟಿತೆಂದು ಫಲಿತಾಂಶವನ್ನು ಮೊದಲೇ ಬರೆದಿಡುವಂತಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ. ಎರಡೂ ಖನಿಜಗಳು ಚೆನ್ನಾಗಿ ಏರಿದ್ದು ಇಡ್ಲಿ ಮತ್ತು ದೋಸೆಯಲ್ಲಿ. ಹಿಟ್ಟು ಹುಳಿಯಾಗುತ್ತ ಫೈಟೇಸ್‌ಗೆ ಹಿತವಾದ ಆಮ್ಲೀಯತೆ ಬರುತ್ತದೆ, ರುಬ್ಬಿದ್ದರಿಂದ ಕಿಣ್ವಕ್ಕೂ ಫೈಟೇಟಿಗೂ ನಡುವಿನ ಗೋಡೆಗಳು ಒಡೆದಿರುತ್ತವೆ, ಇಡೀ ರಾತ್ರಿ ಸಮಯವೂ ಇರುತ್ತದೆ. ಇಡಿಯಾಗಿ ನೆನೆಸಿದ ಕಾಳಿನಲ್ಲಿ ಈ ಅನುಕೂಲಗಳಿಲ್ಲ. ಅದರ ನೀರು ಚೆಲ್ಲಿದರೆ ಫೈಟೇಟಿನ ಜೊತೆ ಒಂದಿಷ್ಟು ಕಬ್ಬಿಣವೂ ಹೋಗುತ್ತದೆ. ನೀರಿಗೆ ಸುಲಭವಾಗಿ ಬಿಟ್ಟುಕೊಡುವುದು ಹಿಟ್ಟು ಮಾಡಿದ ಧಾನ್ಯ. ಆಫ್ರಿಕದ ಮಲಾವಿಯಲ್ಲಿ ರೊಸಲಿಂಡ್ ಗಿಬ್ಸನ್ ಮತ್ತು ಸಂಗಡಿಗರು ಮೆಕ್ಕೆಜೋಳದ ಹಿಟ್ಟನ್ನು ನೆನೆಸಿ ಮೇಲಿನ ನೀರು ಬಸಿದಾಗ ಫೈಟೇಟ್ ಸುಮಾರು ಅರ್ಧ ಇಳಿದದ್ದನ್ನು ದಾಖಲಿಸಿದ್ದಾರೆ.

ಈಗ ನಿಂತಿರುವ ನೆಲೆ

ಗಾಜಿನ ಪಾತ್ರೆಗೂ ಮನುಷ್ಯನ ಕರುಳಿಗೂ ಅಂತರವಿದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಕಬ್ಬಿಣದ ಸಂಗ್ರಹ ಕಡಿಮೆಯಿದ್ದ ಹೆಂಗಸರು ಎಂಟು ವಾರ ಫೈಟೇಟ್ ಹೆಚ್ಚಿರುವ ಆಹಾರ ಉಂಡಾಗ ಫೈಟೇಟಿನ ಅಡ್ಡಿ ಮೊದಲಿನಷ್ಟು ಉಳಿಯಲಿಲ್ಲ ಎಂದು 2015ರ ವರದಿಯೊಂದು ಹೇಳಿತು. ತಲೆಮಾರುಗಳಿಂದ ರಾಗಿ, ಕಾಳು ತಿನ್ನುವವರಿಗೆ ಒಂದೇ ಊಟದ ಪ್ರಯೋಗಗಳ ಅಂಕಿಯನ್ನು ಹಾಗೇ ಹಚ್ಚಲು ಬರುವುದಿಲ್ಲ.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಕಬ್ಬಿಣಕ್ಕೆ ನೆನೆಸುವುದಕ್ಕಿಂತ ಮೊಳಕೆ ಮೇಲು, ಕಬ್ಬಿಣ ಸತು ಎರಡಕ್ಕೂ ಹುಳಿ ಬರಿಸಿದ ಹಿಟ್ಟು ಮೇಲು. ಮೊಳಕೆ ಕಾಳನ್ನು ಬೇಯಿಸಿಯೇ ತಿನ್ನಬೇಕು. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೆಂತ್ಯ ಮೊಳಕೆಯಿಂದ ಹರಡಿದ ಈ-ಕೊಲೈ ಸೋಂಕು ಸುಮಾರು ಐವತ್ತು ಜೀವ ತೆಗೆಯಿತು. ಬೆಂದ ಮೇಲೆ ಕಿಣ್ವ ಬೇಕಿಲ್ಲವಾದ್ದರಿಂದ ಬೇಯಿಸುವುದರಿಂದ ನಷ್ಟವೂ ಇಲ್ಲ. ಕಬ್ಬಿಣಕ್ಕಾಗಿ ಮೊಳಕೆ ಉಸಲಿಗೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಬೇಕು, ಊಟದ ಬೆನ್ನಿಗೇ ಟೀ ಕುಡಿಯಬಾರದು. ಫೈಟೇಟಿನ ಪಾಲನ್ನು ಇನ್ನಷ್ಟು ಇಳಿಸಲು ಒದ್ದಾಡುವುದಕ್ಕಿಂತ ಈ ಎರಡು ಅಭ್ಯಾಸಗಳಿಂದ ಸಿಗುವುದು ಹೆಚ್ಚು. ರಕ್ತಹೀನತೆಗೆ ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಬಿಟ್ಟು ಮೊಳಕೆ ಕಾಳನ್ನೇ ನೆಚ್ಚಿ ಕೂರಲು ಈ ನೂರು ವರ್ಷದ ಯಾವ ಪ್ರಯೋಗದಲ್ಲೂ ಆಧಾರ ಸಿಗುವುದಿಲ್ಲ.