ಸ್ಪ್ಯಾನಿಷ್ ಉಚ್ಚಾರಣೆ: ಕನ್ನಡಿಗರಿಗೆ ಯಾವುದು ಸುಲಭ, ಎಲ್ಲಿ ಎಡವುತ್ತಾರೆ?

ಸ್ಪ್ಯಾನಿಷ್‌ನಲ್ಲಿ 'ಪೆರೊ' ಎಂದರೆ 'ಆದರೆ', 'ಪೆರ್ರೊ' ಎಂದರೆ ನಾಯಿ. ಈ ಭಾಷೆಯ ಹೆಚ್ಚಿನ ಧ್ವನಿಗಳು ಕನ್ನಡಿಗರ ನಾಲಿಗೆಗೆ ಹೊಸವಲ್ಲ. ಆದರೆ ಕನ್ನಡದ ಕೆಲವು ಅಭ್ಯಾಸಗಳೇ ಇಲ್ಲಿ ತೊಡಕಾಗುತ್ತವೆ.

ಐದೇ ಸ್ವರ, ದೀರ್ಘವಿಲ್ಲ

ಸ್ಪ್ಯಾನಿಷ್‌ನಲ್ಲಿರುವುದು ಅ, ಎ, ಇ, ಒ, ಉ ಎಂಬ ಐದು ಸ್ವರಗಳು. ಕನ್ನಡದಲ್ಲಿ 'ಹಳೆ' ಮತ್ತು 'ಹಾಳೆ'ಯಂತೆ ಹ್ರಸ್ವ-ದೀರ್ಘಗಳಿಂದ ಪದವೇ ಬದಲಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಹಾಗಿಲ್ಲ. ಅಲ್ಲಿನ 'ಅ'ಕಾರಕ್ಕೆ ಬಾಯಿ 'ಆ' ಎನ್ನುವಷ್ಟು ತೆರೆಯಬೇಕು, ಆದರೆ ದನಿ 'ಅ'ಕಾರದಷ್ಟೇ ಹೊತ್ತು ಇರಬೇಕು. ಪದದ ಆರಂಭದ ಎ, ಒ ಸ್ವರಗಳಿಗೆ ಯ, ವ ಸೇರಿಸಿ 'ಯೆಸ್ತೆ', 'ವೊತ್ರೊ' ಎನ್ನುವುದು ಕನ್ನಡಿಗರ ಸಾಮಾನ್ಯ ತಪ್ಪು. ಅವು 'ಎಸ್ತೆ' (ಇದು), 'ಒತ್ರೊ' (ಇನ್ನೊಂದು).

ಲಯ ನಮ್ಮದೇ, ಒತ್ತು ಬೇರೆ

ಉಚ್ಚಾರಾಂಶಗಳು ಹೆಚ್ಚುಕಡಿಮೆ ಸಮ ಅಂತರದಲ್ಲಿ ಬೀಳುತ್ತವೆ, ಇಂಗ್ಲಿಷ್‌ನಂತೆ ಕೆಲವು ನುಂಗಿಹೋಗುವುದಿಲ್ಲ. ಆದರೆ ಒತ್ತು ಬೀಳುವ ಜಾಗ ಅರ್ಥ ಬದಲಿಸುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ 'ಪಪ' ಪದದ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ ಆಲೂಗಡ್ಡೆ, ಕೊನೆಯದಕ್ಕೆ ಕೊಟ್ಟರೆ ಅಪ್ಪ. ಒತ್ತು ಎಂದರೆ ಸ್ವರವನ್ನು ಎಳೆಯುವುದಲ್ಲ, ದನಿಯನ್ನು ತುಸು ಎತ್ತಿ ಗಟ್ಟಿಯಾಗಿ ಹೇಳುವುದು. ಬರಹದಲ್ಲಿ ಗುರುತಿದ್ದರೆ ಒತ್ತು ಅಲ್ಲಿಯೇ. ಗುರುತಿಲ್ಲದ ಪದ ಸ್ವರ, 'ಎನ್' ಅಥವಾ 'ಎಸ್'ನಲ್ಲಿ ಮುಗಿದರೆ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ, ಉಳಿದಂತೆ ಕೊನೆಯದಕ್ಕೆ.

ಒಂದು ಬಡಿತ, ಹಲವು ಬಡಿತ

'ಪೆರೊ' ಪದದ ರಕಾರ 'ಮರ' ಎನ್ನುವಾಗಿನದೇ. ನಾಲಿಗೆಯ ತುದಿ ಮೇಲ್ಹಲ್ಲಿನ ಹಿಂದಿನ ದಿಣ್ಣೆಗೆ ಒಮ್ಮೆ ತಾಗಿ ಬಿಡುತ್ತದೆ. 'ಪೆರ್ರೊ'ದಲ್ಲಿ ಅದು ಎರಡು-ಮೂರು ಬಾರಿ ಅದುರುತ್ತದೆ. ಅದುರಿಸುವುದು ನಾಲಿಗೆಯ ಬಲವಲ್ಲ, ಉಸಿರಿನ ರಭಸ. ಬರಹದಲ್ಲಿ ಎರಡು 'ಆರ್' ಇದ್ದಲ್ಲಿ, ಪದದ ಆರಂಭದಲ್ಲಿ ಮತ್ತು 'ಎನ್', 'ಎಲ್', 'ಎಸ್' ನಂತರ ಈ ಅದುರು ರಕಾರ ಬರುತ್ತದೆ. ಹಾಗಾಗಿ ಫುಟ್‌ಬಾಲ್ ಕ್ಲಬ್ ರಿಯಲ್ ಮ್ಯಾಡ್ರಿಡ್‌ನ ಮೊದಲ ಪದವನ್ನು ಸ್ಪೇನ್‌ನಲ್ಲಿ 'ರ್ರೆ-ಅಲ್' ಎನ್ನುತ್ತಾರೆ.

ಅಭ್ಯಾಸಕ್ಕೆ 'ಸರ್ರನೆ' ಎಂಬ ಕನ್ನಡ ಪದವೇ ಸಾಕು. ನಾಲಿಗೆಯ ಅಂಚುಗಳನ್ನು ಮೇಲಿನ ದವಡೆ ಹಲ್ಲುಗಳಿಗೆ ತಾಗಿಸಿ, ತುದಿಯನ್ನು ಸಡಿಲ ಬಿಟ್ಟು, 'ರ್ರ್' ಭಾಗವನ್ನು ಉಸಿರಿರುವವರೆಗೆ ಎಳೆಯಿರಿ. ಒಂದೇ ಬಡಿತಕ್ಕೆ ನಿಂತರೆ ತುದಿ ಬಿಗಿಯಾಗಿದೆ ಎಂದರ್ಥ. ಅದುರು ನಿಲ್ಲದೆ ಬಂದ ಮೇಲೆ 'ಸ' ಬಿಟ್ಟು 'ರ್ರ'ದಿಂದಲೇ ಆರಂಭಿಸಿ.

ಇನ್ನೊಂದು ಎಚ್ಚರ: ಕನ್ನಡದ ರೂಢಿಯಂತೆ 'ಪೆರ್-ರೊ' ಎಂದು ಒಡೆಯಬಾರದು, 'ಪೆ-ರ್ರೊ' ಎನ್ನಬೇಕು. 'ಪೆರೊ ಎಲ್ ಪೆರ್ರೊ ಕೊರ್ರೆ' (ಆದರೆ ನಾಯಿ ಓಡುತ್ತದೆ) ಎಂಬ ವಾಕ್ಯವನ್ನು ಪೆ-ರೊ-ಎಲ್-ಪೆ-ರ್ರೊ-ಕೊ-ರ್ರೆ ಎಂದು ಏಳು ತಟ್ಟುಗಳಲ್ಲಿ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಪದ ಮತ್ತು ಮೂರನೆಯದು ಬೇರೆ ಬೇರೆಯಾಗಿ ಕೇಳಿಸಿದರೆ ರಕಾರ ಸರಿಹೋಗಿದೆ.