ಬೊಪ್ಪಣ ಪಂಡಿತನ ಗೊಮ್ಮಟ ಸ್ತುತಿ: ಸಾರಾಂಶ ಮತ್ತು ಭಾವ

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿರುವ ಬೊಪ್ಪಣ ಪಂಡಿತನ ಶಾಸನವು ಸುಮಾರು 1180ರ ಕನ್ನಡ ಕಾವ್ಯ. ಕವಿಗೆ ‘ಸುಜನೋತ್ತಂಸ’ ಎಂಬ ಬಿರುದಿದೆ. ಗೊಮ್ಮಟೇಶ್ವರನ ಸ್ತುತಿಯಾದ ಈ ಕಾವ್ಯದ ಸಾರಾಂಶ ಬರೆಯುವವರು ಕ್ಷೇತ್ರದ ಇತರ ಕಥೆಗಳನ್ನೂ ಇದರೊಳಗೆ ಸೇರಿಸುವುದುಂಟು. ಕಾವ್ಯದಲ್ಲಿ ಇರುವುದಿಷ್ಟು:

ಪುರುದೇವನ ಮಗನಾದ ಬಾಹುಬಲಿಯು ಅಣ್ಣ ಭರತನನ್ನು ಗೆದ್ದರೂ ರಾಜ್ಯವನ್ನು ಅವನಿಗೇ ಬಿಟ್ಟು, ತಪಸ್ಸು ಮಾಡಿ ಕರ್ಮಗಳನ್ನು ಗೆದ್ದನು. ಭರತನು ಪೌದನಪುರದಲ್ಲಿ 525 ಬಿಲ್ಲು ಎತ್ತರದ ಬಾಹುಬಲಿಯ ಪ್ರತಿಮೆಯನ್ನು ಮಾಡಿಸಿದನು. ಕಾಲಾಂತರದಲ್ಲಿ ಆ ಪ್ರದೇಶವನ್ನು ಕುಕ್ಕುಟಸರ್ಪಗಳು ಆವರಿಸಿದವು; ಪ್ರತಿಮೆ ಸಾಮಾನ್ಯರ ಕಣ್ಣಿಗೆ ಕಾಣದಾಯಿತು. ಅದರ ಮಹಿಮೆಯನ್ನು ಕೇಳಿದ ಚಾವುಂಡರಾಯನು ದರ್ಶನಕ್ಕೆ ಹೊರಡಲು ಬಯಸಿದಾಗ, ಆ ಸ್ಥಳ ದೂರ ಮತ್ತು ದುರ್ಗಮವೆಂದು ಗುರುಗಳು ತಿಳಿಸಿದರು. ಆಗ ಅವನು ಇಲ್ಲಿಯೇ ಈ ಪ್ರತಿಮೆಯನ್ನು ಮಾಡಿಸಿದನು. ಎತ್ತರವಿದ್ದಲ್ಲಿ ಸೌಂದರ್ಯ ಇರಲಾರದು, ಎರಡೂ ಇದ್ದಲ್ಲಿ ಅತಿಶಯ ಇರಲಾರದು. ಗೊಮ್ಮಟನಲ್ಲಿ ಮೂರೂ ಕೂಡಿವೆ ಎನ್ನುತ್ತಾನೆ ಕವಿ. ಹಕ್ಕಿಗಳು ಮರೆತೂ ಪ್ರತಿಮೆಯ ಮೇಲೆ ಹಾರುವುದಿಲ್ಲ ಎಂದೂ, ಒಮ್ಮೆ ಅದರ ಮೇಲೆ ಹೂಮಳೆ ಸುರಿಯಿತೆಂದೂ ಹೇಳುತ್ತಾನೆ.

ಇಲ್ಲಿಯ ಭಾವ ಭಕ್ತಿ ಮತ್ತು ವಿಸ್ಮಯ. ಇದಕ್ಕೆ ಆಧಾರ ಕಾವ್ಯದಲ್ಲೇ ಇದೆ: ಇದನ್ನು ಚಿತ್ರಿಸಲು ಮಯನಿಗೂ, ಕಣ್ತುಂಬ ನೋಡಲು ಇಂದ್ರನಿಗೂ, ಹೊಗಳಲು ಆದಿಶೇಷನಿಗೂ ಆಗದೆಂದು ಕವಿ ಹೇಳುತ್ತಾನೆ. ಅಣ್ಣತಮ್ಮಂದಿರ ಯುದ್ಧವನ್ನು ಅವನು ಬೇಗನೆ ಮುಗಿಸಿಬಿಡುವುದರಿಂದ ಶೋಕವನ್ನು ಮುಖ್ಯ ಭಾವವೆನ್ನಲು ಆಧಾರವಿಲ್ಲ.

ಈ ಸಾರಾಂಶದಲ್ಲಿ ಗುಳ್ಳಕಾಯಜ್ಜಿ ಇಲ್ಲ. ಅಜ್ಜಿಯ ಮೂರ್ತಿ ಬೆಟ್ಟದ ಮೇಲಿದ್ದರೂ ಆಕೆಯ ಕಥೆ ಈ ಶಾಸನದಲ್ಲಿ ಬರುವುದಿಲ್ಲ. ಚಾವುಂಡರಾಯನು ಬಾಣ ಬಿಟ್ಟು ಪ್ರತಿಮೆಯನ್ನು ಕಂಡ ಪ್ರಸಂಗವೂ ಹಾಗೆಯೇ. ಇವೆರಡೂ ನಮ್ಮ ಪರಂಪರೆಯ ಆದರಣೀಯ ಕಥೆಗಳೇ. ಆದರೆ ಬೊಪ್ಪಣನ ಹೆಸರಿನಲ್ಲಿ ಹೇಳಿದರೆ 12ನೆಯ ಶತಮಾನದ ಕವಿ ಅವನ್ನು ದಾಖಲಿಸಿದ್ದಾನೆ ಎಂಬ ತಪ್ಪು ತಿಳಿವಳಿಕೆ ಉಳಿದುಬಿಡುತ್ತದೆ.

ಹಕ್ಕಿಗಳ ಮಾತಿಗೆ ‘ಹೇಳುತ್ತಾನೆ’ ಎಂಬ ಕ್ರಿಯಾಪದ ಇರುವುದೂ ಇದೇ ಕಾರಣಕ್ಕೆ. ಅದನ್ನು ಬಿಟ್ಟರೆ ಕವಿಯ ಸ್ತುತಿ ಬರೆಯುವವರ ಹೇಳಿಕೆಯಾಗುತ್ತದೆ. ‘ಇದು ಕೇವಲ ಉತ್ಪ್ರೇಕ್ಷೆ’ ಎಂದು ಸೇರಿಸಿದರೆ ಅವರ ತೀರ್ಪಾಗುತ್ತದೆ. ಅಂತೆಯೇ ಬಾಹುಬಲಿ ರಾಜ್ಯ ಬಿಟ್ಟನೆಂಬುದು ಸಾರಾಂಶ. ಅಧಿಕಾರ ವ್ಯರ್ಥವೆಂದು ಕವಿ ಬೋಧಿಸುತ್ತಾನೆ ಎಂಬುದು ವ್ಯಾಖ್ಯಾನ. ಪ್ರವಚನದಲ್ಲಿ ಆ ಮಾತಿಗೆ ಸ್ಥಾನವಿದೆ, ಸಾರಾಂಶದಲ್ಲಿ ಇಲ್ಲ.