ವಯೋಪ್ರಮಾಣೀಕೃತ ದರ

ವಯೋಪ್ರಮಾಣೀಕೃತ ದರವು ಜನಸಂಖ್ಯೆಗಳ ವಯೋರಚನೆಯ ವ್ಯತ್ಯಾಸವನ್ನು ಕಳೆದು ರೋಗ ಅಥವಾ ಮರಣವನ್ನು ಹೋಲಿಸಲು ಬಳಸುವ ಸಾಂಕ್ರಾಮಿಕರೋಗಶಾಸ್ತ್ರದ ಅಳತೆ. ಒಟ್ಟು ಸಾವುಗಳನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ ದೊರೆಯುವುದು ಕಚ್ಚಾ ದರ; ವೃದ್ಧರು ಹೆಚ್ಚಿರುವ ಕಡೆ ಅದು ಸಹಜವಾಗಿಯೇ ಏರುತ್ತದೆ.

ಕಲ್ಪಿತ ಅಂಕಿಗಳಲ್ಲಿ, ಎರಡು ತಾಲ್ಲೂಕುಗಳಲ್ಲೂ ಹೃದ್ರೋಗದ ವಾರ್ಷಿಕ ಮರಣ ಲಕ್ಷಕ್ಕೆ 60 ವರ್ಷದೊಳಗಿನವರಲ್ಲಿ 100, ಮೇಲ್ಪಟ್ಟವರಲ್ಲಿ 1,000 ಎನ್ನೋಣ. ಮೊದಲನೆಯದರಲ್ಲಿ ವೃದ್ಧರು ಶೇ. 10, ಎರಡನೆಯದರಲ್ಲಿ ಶೇ. 25. ಕಚ್ಚಾ ದರಗಳು ಕ್ರಮವಾಗಿ 190 ಮತ್ತು 325. ಶೇ. 20 ವೃದ್ಧರಿರುವ ಒಂದೇ ಪ್ರಮಾಣಿತ ಜನಸಂಖ್ಯೆಗೆ ಆಯಾ ವಯೋಗುಂಪಿನ ದರಗಳನ್ನು ಅನ್ವಯಿಸಿದರೆ ಎರಡೂ 280. ಕಂಡ ಅಂತರವೆಲ್ಲ ವಯಸ್ಸಿನದೇ. ಸಂಶೋಧನಾ ಪ್ರಬಂಧದ ವಿಧಾನ ಭಾಗದಲ್ಲಿ ಪ್ರಮಾಣೀಕರಿಸಿದ ಕಾರಣವನ್ನೂ ಬಳಸಿದ ಪ್ರಮಾಣಿತ ಜನಸಂಖ್ಯೆಯ ಹೆಸರನ್ನೂ ಹೇಳಬೇಕು. ಪ್ರಮಾಣಿತ ಜನಸಂಖ್ಯೆ ಬದಲಾದರೆ ದರವೂ ಬದಲಾಗುತ್ತದೆ. ಕಚ್ಚಾ ದರವನ್ನು ಕೈಬಿಡುವಂತಿಲ್ಲ: ಆಸ್ಪತ್ರೆಯ ಹಾಸಿಗೆಗಳ ಲೆಕ್ಕಕ್ಕೆ ಬೇಕಾದದ್ದು ಅದೇ.

2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮುಂತಾದೆಡೆಯ ಹೃದಯಾಘಾತದ ಹಠಾತ್ ಸಾವುಗಳು ಆತಂಕ ಹುಟ್ಟಿಸಿದಾಗ ಜಯದೇವ ಹೃದ್ರೋಗ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲನೆ ನಡೆಸಿತು. ಸುದ್ದಿಯಲ್ಲಿ ಓಡಾಡಿದ್ದು ಬರೀ ಸಾವಿನ ಎಣಿಕೆ. ವಯೋಗುಂಪುವಾರು ಜನಸಂಖ್ಯೆಯ ಛೇದವಿಲ್ಲದೆ ಅದು ದರವೇ ಆಗದು.

ತಾಲ್ಲೂಕಿನ ಒಂದು ವಯೋಗುಂಪಿನಲ್ಲಿ ಎರಡು-ಮೂರು ಸಾವುಗಳಷ್ಟೇ ಇದ್ದರೆ ಪ್ರಮಾಣೀಕೃತ ದರವೂ ಓಲಾಡುತ್ತದೆ. ಆಗ ಜಿಲ್ಲೆಯ ದರದಂತೆ ನಿರೀಕ್ಷಿಸಬಹುದಾದ ಸಾವುಗಳಿಗೆ ನಿಜವಾದ ಸಾವುಗಳ ಅನುಪಾತ ಕೊಡುವ ಪರೋಕ್ಷ ವಿಧಾನವನ್ನು ಬಳಸುತ್ತಾರೆ. ಯುವಜನರಲ್ಲಿ ಮಾತ್ರ ಸಾವು ಏರಿದ್ದರೆ ಒಂದೇ ಒಟ್ಟು ಅಂಕಿ ಅದನ್ನು ಮುಚ್ಚಿಡಬಹುದಾದ್ದರಿಂದ ವಯೋಗುಂಪುವಾರು ಕೋಷ್ಟಕವನ್ನೂ ಜತೆಗಿಡಲಾಗುತ್ತದೆ.